ಹಲ್ಲು ಕೀಳಿಸೋ ಮುಂಚೆ ಒಂದು ಮಾತು

ಪ್ರಿಯ ಗೆಳೆಯಾ,

ಹಳೆಯ ರೂಟ್ ಕೆನಾಲ್ ಮಾಡಿದ ಹಲ್ಲಿನ ಪಕ್ಕ ವಸಡಲ್ಲಿ ಗುಳ್ಳೆ ಎದ್ದಿದೆ, ಒಬ್ಬ ಡಾಕ್ಟರ್ ಮತ್ತೆ ಮಾಡೋಣ ಅಂದರು, ಇನ್ನೊಬ್ಬರು ಕಿತ್ತು ಇಂಪ್ಲಾಂಟ್ ಹಾಕೋಣ ಅಂದರು ಅಂತ ಬರೆದಿದ್ದೀಯ. ನನಗೂ ಇದೇ ಆಗಿತ್ತು, ಮೇಲಿನ ದವಡೆ ಹಲ್ಲಿಗೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದ್ದೀನಿ.

ನೋವೇ ಇಲ್ಲವಲ್ಲ ಅಂತ ಸುಮ್ನೆ ಬಿಡಬೇಡ. ಗುಳ್ಳೆಯಿಂದ ಕೀವು ಹೊರಗೆ ಹೋಗುತ್ತಿರುವುದರಿಂದಲೇ ಒಳಗೆ ಒತ್ತಡ ಏರುತ್ತಿಲ್ಲ, ನೋವೂ ಇಲ್ಲ. ಆಂಟಿಬಯೋಟಿಕ್ ನುಂಗಿದರೆ ಗುಳ್ಳೆ ಅಡಗಬಹುದು, ಆದರೆ ಬೇರಿನೊಳಗಿನ ಸೋಂಕಿಗೆ ಮಾತ್ರೆ ತಲುಪೋದಿಲ್ಲ. ಮತ್ತೆ ಬರುತ್ತೆ. ರೂಟ್ ಕೆನಾಲ್ ತಜ್ಞರಾದ ನನ್ನ ಎಂಡೋಡಾಂಟಿಸ್ಟ್, ಬೇರಿನ ನಾಳ ತುಂಬೋಕೆ ಬಳಸುವ ರಬ್ಬರಿನಂಥ ಗಟ್ಟಾ ಪರ್ಚಾದ ಸೂಜಿಯಷ್ಟು ಸಣ್ಣ ಕಡ್ಡಿಯನ್ನು ಗುಳ್ಳೆಯ ತೂತಿನೊಳಗೆ ತೂರಿಸಿ ಎಕ್ಸ್‌ರೇ ತೆಗೆದರು. ಕಡ್ಡಿಯ ತುದಿ ನೇರ ಕೆನ್ನೆ ಕಡೆಯ ಮುಂದಿನ ಬೇರಿನ ತುದಿಗೆ ಹೋಗಿ ನಿಂತಿತ್ತು. ಅಲ್ಲೇ ಮೂಳೆ ಕರಗಿದ ಕಪ್ಪು ನೆರಳು.

ಆ ಬೇರಿನಲ್ಲಿ ಬಹಳ ಜನಕ್ಕೆ ಎರಡು ನಾಳ ಇರುತ್ತವೆ. ಎರಡನೆಯದು ತುಂಬಾ ಸಣ್ಣದು, ಮೊದಲ ಸಲ ಕಣ್ಣಿಗೆ ಬೀಳದೆ ಉಳಿದುಬಿಡುತ್ತೆ. ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ನಲ್ಲಿ ನನ್ನದೂ ಹಾಗೇ ಕಂಡಿತು. ಒಂದು ನಾಳ ಬೆಳ್ಳಗೆ ತುಂಬಿದೆ, ಪಕ್ಕದ್ದು ಖಾಲಿ. ಇದು ಒಳ್ಳೆಯ ಸುದ್ದಿ ಕಣೋ! ಸೋಲಿಗೆ ಸರಿಪಡಿಸಬಹುದಾದ ಕಾರಣ ಸಿಕ್ಕಿದರೆ ಮತ್ತೆ ಮಾಡಿಸೋದಕ್ಕೆ ಅರ್ಥ ಇದೆ. ಹಳೆಯ ಕೆಲಸ ಎಕ್ಸ್‌ರೇಯಲ್ಲಿ ಎಲ್ಲಾ ಸರಿಯಾಗೇ ಕಂಡು, ಆದರೂ ಸೋಂಕು ಇದ್ದರೆ ಮಾತ್ರ ಇನ್ನೂ ಜಾಸ್ತಿ ಯೋಚಿಸಬೇಕು.

ಆದರೆ ನಿರ್ಧಾರ ನಾಳದ ಮೇಲೆ ಮಾತ್ರ ನಿಂತಿಲ್ಲ. ಬೇರು ಸೀಳಿದೆಯಾ, ಕ್ಯಾಪ್ ಕೂರಿಸೋಕೆ ಗಟ್ಟಿ ಹಲ್ಲು ಉಳಿದಿದೆಯಾ, ಇವೆರಡೇ ಮುಖ್ಯ. ಸೀಳನ್ನು ಪತ್ತೆ ಮಾಡೋಕೆ ಸಣ್ಣ ಅಳತೆ ಕಡ್ಡಿಯನ್ನು ವಸಡಿನ ಸಂದಿಯಲ್ಲಿ ಸುತ್ತಲೂ ಇಳಿಸುತ್ತಾರೆ. ಎಲ್ಲಾ ಕಡೆ 2-3 ಮಿ.ಮೀ. ಇಳಿದು, ಒಂದೇ ಒಂದು ಜಾಗದಲ್ಲಿ ದಿಢೀರನೆ ಆಳಕ್ಕೆ ಇಳಿದರೆ ಬೇರು ಉದ್ದಕ್ಕೆ ಸೀಳಿರುವ ಅನುಮಾನ. ಸೀಳಿದ್ದು ಖಚಿತವಾದರೆ ಸಾಮಾನ್ಯವಾಗಿ ಆ ಬೇರು ಉಳಿಯೋದಿಲ್ಲ, ಮತ್ತೆ ರೂಟ್ ಕೆನಾಲ್‌ಗೆ ದುಡ್ಡು ಸುರಿಯಬಾರದು. ಸಣ್ಣ ಸೀಳು ಸ್ಕ್ಯಾನ್‌ನಲ್ಲೂ ಕಾಣದೇ ಇರಬಹುದು.

ಹಾಗಾಗಿ ನಾನು ಡಾಕ್ಟರ ಹತ್ತಿರ ಹೀಗೆ ಮಾತಾಡಿಕೊಂಡೆ: ಮೊದಲು ಕ್ಯಾಪ್ ಬಿಚ್ಚಿ ನೋಡಿ, ಹಲ್ಲು ಉಳಿಯೋ ಹಾಗಿದ್ದರೆ ಮುಂದುವರಿಸಿ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಅಷ್ಟಕ್ಕೆ ಎಷ್ಟಾಗುತ್ತೆ ಅಂತ ಈಗಲೇ ಹೇಳಿ. ಅವರು ಒಪ್ಪಿದರು. ಕ್ಯಾಪ್ ಕೆಳಗೆ ಹುಳುಕಿತ್ತು. ಅದನ್ನೆಲ್ಲ ಕೆರೆದು ತೆಗೆದ ಮೇಲೂ ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿಯಿತು. ಹೊಸ ಕ್ಯಾಪ್ ಹಿಡಿದು ನಿಲ್ಲೋಕೆ ಅಷ್ಟಾದರೂ ಬೇಕು. ನೀಲಿ ಬಣ್ಣ ಹಚ್ಚಿ ಮೈಕ್ರೋಸ್ಕೋಪಲ್ಲಿ ನೋಡಿದರು. ಸೀಳಿದ್ದರೆ ಬಣ್ಣ ಅದರಲ್ಲಿ ಗೆರೆಯಾಗಿ ಕೂರುತ್ತೆ. ಗೆರೆ ಇರಲಿಲ್ಲ.

ಆಮೇಲೆ ಹಳೆಯ ಗಟ್ಟಾ ಪರ್ಚಾ ತೆಗೆದು, ಬಿಟ್ಟುಹೋದ ನಾಳ ಹುಡುಕಿ, ಸೋಂಕು ಕೊಲ್ಲುವ ಹೈಪೋಕ್ಲೋರೈಟ್ ದ್ರಾವಣದಲ್ಲಿ ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ತುಂಬಿ ಕಳಿಸಿದರು. ಮುಂದಿನ ಭೇಟಿಯ ಹೊತ್ತಿಗೆ ಗುಳ್ಳೆ ಒಣಗಿತ್ತು. ನಾಳ ತುಂಬಿ ಹೊಸ ಕ್ಯಾಪ್ ಹಾಕಿದರು. ಮೂಳೆ ಮಾತ್ರ ನಿಧಾನವಾಗಿ ತುಂಬುತ್ತೆ. ವರ್ಷದ ಎಕ್ಸ್‌ರೇಯಲ್ಲಿ ನೆರಳು ಚಿಕ್ಕದಾಗಿದೆ, ಇನ್ನೂ ಪೂರ್ತಿ ಹೋಗಿಲ್ಲ. ಕೆಲವರಿಗೆ ನಾಲ್ಕು ವರ್ಷದವರೆಗೂ ಹಿಡಿಯುತ್ತಂತೆ.

ಇಂಪ್ಲಾಂಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಸೀಳಿದ ಹಲ್ಲಿಗೆ ಅದು ಒಳ್ಳೆಯ ದಾರಿ. ಆದರೆ ಕಿತ್ತ ಮೇಲೆ ಮೂಳೆ ಕೂಡಿಕೊಳ್ಳೋಕೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಕಾಯಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಸಿಗರೇಟು ಬಿಡಬೇಕು. ಬ್ರಿಡ್ಜ್ ಆದರೆ ಅದನ್ನು ಆನಿಸೋಕೆ ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನು ತೇಯಬೇಕು, ಅದು ನನಗೆ ಸುತರಾಂ ಇಷ್ಟ ಇರಲಿಲ್ಲ. ಉಳಿಸಿದ ಹಲ್ಲನ್ನು ಮುಂದೆ ಯಾವಾಗ ಬೇಕಾದರೂ ಕೀಳಬಹುದು, ಕಿತ್ತದ್ದು ವಾಪಸ್ ಬರಲ್ಲ ಅಲ್ವಾ?

ನಿನ್ನ ಹಲ್ಲಿನೊಳಗೆ ಕ್ಯಾಪಿಗೆ ಆಸರೆಯಾಗಿ ಬೇರಿಗೆ ಇಳಿಸಿದ ಲೋಹದ ಪೋಸ್ಟ್ ಇದೆ ಅಂದಿದ್ದೀಯ. ಅದನ್ನು ಕೀಳುವಾಗ ಬೇರು ಒಡೆಯುವ ಅಪಾಯ ಇರುತ್ತೆ. ಹಾಗಾಗಿ ಮೇಲಿಂದ ತೆಗೆಯೋ ಬದಲು, ವಸಡು ಬಿಡಿಸಿ ಬೇರಿನ ತುದಿ ಕತ್ತರಿಸಿ ಮುಚ್ಚುವ ಸಣ್ಣ ಆಪರೇಷನ್ ಸಾಧ್ಯವಾ ಅಂತ ಕೇಳು. ವಸಡಿನ ಸಂದಿಯ ಆಳ ಅಳೆದಿದ್ದಾರಾ, ಎಲ್ಲೆಲ್ಲಿ ಎಷ್ಟಿದೆ ಅಂತಲೂ ಕೇಳಿ ಬರೆದುಕೋ. ಎಕ್ಸ್‌ರೇ ಜೊತೆಗೆ ಆ ಅಂಕಿಗಳನ್ನೂ ಕಳಿಸು, ನನ್ನ ಡಾಕ್ಟರಿಗೆ ತೋರಿಸ್ತೀನಿ.

ನಿನ್ನ ಗೆಳೆಯ