‘ಬಾಕಿ ಇರುವ ನಂಬರ್’ ಎಂಬುದೇ ಇಲ್ಲ

ಸಂಪಾದಕರೇ,

ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು. ಆದರೆ ತಲಪಾಡಿ ದಾಟಿದರೆ ಕೇರಳದ ಟಿಕೆಟ್ ಸಿಗುತ್ತದೆ ಅಲ್ವಾ? ನಮ್ಮ ಪಕ್ಕದ ಮನೆಯ ಅಣ್ಣ ಹಳೆಯ ಫಲಿತಾಂಶಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. “30 ಡ್ರಾ ಆಯ್ತು, ಮೊದಲ ಬಹುಮಾನದ ಕೊನೆಗೆ 7 ಬಂದೇ ಇಲ್ಲ. ಇನ್ನು ಬರಲೇಬೇಕು” ಎಂದು 7ರಲ್ಲಿ ಮುಗಿಯುವ ಟಿಕೆಟ್ಟನ್ನೇ ಹುಡುಕಿ ತರುತ್ತಾರೆ. ಅವರ ದುಡ್ಡು ಹೋಗುವುದನ್ನು ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ.

ಕೊನೆಯ ಅಂಕಿ 0ಯಿಂದ 9ರವರೆಗೆ ಯಾವುದೂ ಆಗಬಹುದು. ಪ್ರತಿ ಡ್ರಾದಲ್ಲೂ 7ಕ್ಕೆ ಇರುವುದು ಹತ್ತರಲ್ಲಿ ಒಂದು ಅವಕಾಶ. ನಿನ್ನೆ ಏನು ಬಂತೆಂದು ಯಂತ್ರಕ್ಕೆ ನೆನಪಿರುವುದಿಲ್ಲ. 7 ಎಂದೇ ಮೊದಲು ಹೇಳಿಟ್ಟರೆ, ಅದು 30 ಡ್ರಾದಲ್ಲಿ ಒಮ್ಮೆಯೂ ಬರದಿರುವುದು ಅಪರೂಪ, ನೂರಕ್ಕೆ ಸುಮಾರು 4 ಸಲ. ಆದರೆ ಅಣ್ಣ ಪಟ್ಟಿ ನೋಡಿದ ಮೇಲೆ ಅಂಕಿ ಆರಿಸುತ್ತಾರೆ. ಹತ್ತು ಅಂಕಿಗಳಲ್ಲಿ ಯಾವುದಾದರೂ ಒಂದು ಬರದೇ ಉಳಿಯುವ ಸಾಧ್ಯತೆ ನೂರಕ್ಕೆ ಸುಮಾರು 37. ಹಾಗಾಗಿ ‘ತಣ್ಣನೆಯ ನಂಬರ್’ ಇಂಥ ಪಟ್ಟಿಯಲ್ಲಿ ಸುಮ್ನೆ ಕಾಣುತ್ತಲೇ ಇರುತ್ತದೆ. ಪದೇಪದೇ ಬರುವ ‘ಬಿಸಿ ನಂಬರ್’ ಕಥೆಯೂ ಇದೇ.

“ಕೊನೆಗೆ ಎಲ್ಲವೂ ಸಮ ಆಗ್ಬೇಕಲ್ಲ?” ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಮುಂದಿನ 3000 ಡ್ರಾದಲ್ಲಿ 7 ಎಂದಿನಂತೆ ಸುಮಾರು 300 ಸಲ ಬಂತು ಎನ್ನೋಣ. ಒಟ್ಟು 3030ರಲ್ಲಿ 300, ಅಂದರೆ ಶೇ. 9.9. ಹಳೆಯ ಕೊರತೆಯನ್ನು ಯಾರೂ ತುಂಬಲಿಲ್ಲ. ದೊಡ್ಡ ಲೆಕ್ಕದಲ್ಲಿ ಅದು ಕರಗಿಹೋಯಿತು, ಅಷ್ಟೆ.

– ಓದುಗ, ತೊಕ್ಕೊಟ್ಟು, ಮಂಗಳೂರು