ಸೇತುವೆಯ ಸದ್ದು

ಗೆಳೆಯಾ,

ಅತ್ತೆ ಮಾವನ ಎದುರು ‘ರೀ’ ಅನ್ನುತ್ತೇನೆ. ಇಲ್ಲಿ ಮಾತ್ರ ಕಾಲೇಜಿನ ದಿನಗಳ ಹಾಗೆ ‘ನೀನು’ ಅನ್ನುತ್ತೇನೆ, ಆಗಬಹುದಾ? ಎದುರಿಗೆ ಕೂತು ಕೇಳಲು ಎರಡು ಸಲ ಹೊರಟೆ. ಎರಡು ಸಲವೂ ಕೊನೆಗೆ ಕರೆಂಟ್ ಬಿಲ್ ವಿಷಯ ಮಾತಾಡಿ ಎದ್ದುಬಂದೆ.

ಯುಗಾದಿಗೆ ಮುಂಚೆ, ಬೆಂಗಳೂರಿನಿಂದ ವಾಪಸ್ ಬರುವಾಗ ಟ್ರೇನ್ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವ ಹೊತ್ತಿಗೆ ನೀನು ಫೋನ್ ಮಾಡುತ್ತಿದ್ದೆ. ಮಾತೇನೂ ಇರುತ್ತಿರಲಿಲ್ಲ. ಫೋನ್ ಬಾಗಿಲ ಕಡೆ ಹಿಡಿದು ಸೇತುವೆಯ ದಡಬಡ ಸದ್ದು ಕೇಳಿಸುತ್ತಿದ್ದೆ, ಅಷ್ಟೇ. ಅದು ಕೇಳಿದ ಮೇಲೆಯೇ ನಾನು ಕುಕ್ಕರ್ ಇಡುತ್ತಿದ್ದೆ. ನೀನು ಮೈಸೂರಲ್ಲಿ ಇಳಿದು, ಗಾಡಿ ತೆಗೆದುಕೊಂಡು ಮನೆಗೆ ಬರುವಷ್ಟರಲ್ಲಿ ಅನ್ನ ಬಿಸಿಬಿಸಿ ಇರುತ್ತಿತ್ತು. ಈಗ ನೀನು ಬಂದದ್ದು ಗೇಟಿನ ಸದ್ದಿನಿಂದ ಗೊತ್ತಾಗುತ್ತದೆ. ಅನ್ನ ತಣ್ಣಗಾಗಿದ್ದರೂ ಏನೂ ಅನ್ನದೆ ತಿಂದು ಏಳುತ್ತೀಯ. ಬೈದಿದ್ದರೂ ಚೆನ್ನಾಗಿತ್ತು!

ಮದ್ದೂರು ವಡೆಯೂ ನಿಂತುಹೋಯಿತು. ಎರಡು ತರುತ್ತಿದ್ದೆ, ಒಂದು ಯಾವಾಗಲೂ ಅರ್ಧ ಕಚ್ಚಿರುತ್ತಿತ್ತು. ‘ದಾರಿಯಲ್ಲಿ ಹಸಿವಾಯಿತು’ ಅನ್ನುತ್ತಿದ್ದೆ. ಆ ಅರ್ಧಕ್ಕೇ ನಾನು ಕಾಯುತ್ತಿದ್ದದ್ದು ನಿನಗೆ ಗೊತ್ತಿತ್ತಾ?

ರಾತ್ರಿ ಗೋಡೆ ಕಡೆ ತಿರುಗಿ ಮಲಗುತ್ತೀಯ. ಏನು ಕೇಳಿದರೂ ‘ಹೂಂ’. ಮೊನ್ನೆ ಪರೀಕ್ಷೆ ಮಾಡೋಣ ಅಂತ, ‘ಬೆಕ್ಕು ನಿನ್ನ ಆಫೀಸ್ ಬ್ಯಾಗಲ್ಲಿ ಮರಿ ಹಾಕಿದೆ’ ಅಂದೆ. ‘ಹೂಂ, ಸರಿ’ ಅಂದೆ ನೀನು. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ. ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಸುಮ್ನೆ ನಿಂತುಕೊಂಡೆ.

ಆಫೀಸಲ್ಲಿ ಏನಾದರೂ ಆಗಿದೆಯಾ? ಓಡಾಟದ ಸುಸ್ತಾ? ದಿನಕ್ಕೆ ಐದಾರು ಗಂಟೆ ಟ್ರೇನಲ್ಲೇ ಕಳೆದರೆ ಯಾರಿಗಾದರೂ ಸಾಕಾಗುತ್ತದೆ, ಒಪ್ಪುತ್ತೇನೆ. ಆದರೆ ಟ್ರೇನ್ ಹೊಸದಲ್ಲವಲ್ಲ, ನಾಲ್ಕು ವರ್ಷದಿಂದ ಇದೆ.

ಹಾಗೆ ಯೋಚಿಸುತ್ತಾ ಹೋದಾಗ ಒಂದು ಸಂಜೆ ನೆನಪಾಯಿತು. ಹಬ್ಬಕ್ಕೆ ನಾಲ್ಕೈದು ದಿನ ಇತ್ತು. ಪುಟ್ಟಿಗೆ ಜ್ವರ, ಸಾರು ಉಕ್ಕಿ ಒಲೆಯೆಲ್ಲ ಗಲೀಜು. ಆಗಲೇ ನಿನ್ನ ಫೋನ್ ಬಂತು. ‘ದಿನಾ ಅದೇ ಸದ್ದು ಕೇಳಿಸೋಕೆ ಫೋನ್ ಮಾಡ್ತೀಯಾ, ಬೇರೆ ಕೆಲಸ ಇಲ್ವಾ?’ ಅಂದುಬಿಟ್ಟೆ. ನೀನು ‘ಸರಿ’ ಅಂದು ಇಟ್ಟೆ. ಮಾರನೇ ದಿನ ಫೋನ್ ಬರಲಿಲ್ಲ. ಪುಟ್ಟಿಯ ಗಲಾಟೆಯಲ್ಲಿ ಅದು ನನ್ನ ಗಮನಕ್ಕೂ ಬರಲಿಲ್ಲ. ಗಮನಕ್ಕೆ ಬರುವಷ್ಟರಲ್ಲಿ ವಾರವಾಗಿತ್ತು, ಕೇಳಲು ನನಗೂ ಬಿಗುಮಾನ.

ಅದೇನಾ ಕಾರಣ? ಅದೇ ಆದರೆ, ತಪ್ಪಾಯಿತು ಮಾರಾಯ. ಬೇರೇನಾದರೂ ಇದ್ದರೆ ಅದನ್ನೂ ಹೇಳು. ನನಗೆ ಇಷ್ಟವಾಗದ ವಿಷಯವಾದರೂ ಪರವಾಗಿಲ್ಲ, ‘ಹೂಂ’ ಮಾತ್ರ ಬೇಡ.

ನಾಳೆ ಸಂಜೆ ಅಕ್ಕಿ ತೊಳೆದು ಇಟ್ಟಿರುತ್ತೇನೆ. ಸೇತುವೆಯ ಸದ್ದು ಕೇಳುವ ತನಕ ಒಲೆ ಹಚ್ಚುವುದಿಲ್ಲ.

ನಿನ್ನ,
ಅರ್ಧ ವಡೆಯವಳು