ಧೈವತದಿಂದ ಷಡ್ಜಕ್ಕೆ

ತುಮಕೂರು

ಚಿ. ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಕೋಲಾರಕ್ಕೆ ಬಂದಾಗ ನೀನು ಪಿಟೀಲಿನಲ್ಲಿ ನುಡಿಸಿದ ಮೋಹನ ರಾಗ ಕೇಳಿದೆನಲ್ವಾ, ಅದರಲ್ಲಿ ಒಂದು ವಿಷಯ ಅಲ್ಲೇ ಹೇಳಬೇಕಿತ್ತು. ಮನೆ ತುಂಬ ಜನ ಇದ್ದರು, ಸುಮ್ಮನಾದೆ. ಪಂಚಮದ ತಂತಿಯಲ್ಲಿ ಧೈವತದಿಂದ ಮೇಲಿನ ಷಡ್ಜಕ್ಕೆ ಹೋಗುವಾಗಲೆಲ್ಲ ‘ಜುಂಯ್’ ಅಂತ ಸದ್ದು ಬರುತ್ತದೆ. ಷಡ್ಜ ಸ್ವಲ್ಪ ಮೇಲಕ್ಕೆ ಹೋಗಿ, ಆಮೇಲೆ ಕೆಳಗೆ ಬಂದು ಕೂರುತ್ತದೆ.

ಜಾರು ತಪ್ಪಲ್ಲ. ರಾಗ ಕೇಳಿದ ಕಡೆ ಬೇಕೇ ಬೇಕು. ಆದರೆ ನಿನ್ನದು ನೀನು ಬೇಕೆಂದು ಹಾಕಿದ ಜಾರಲ್ಲ, ಒತ್ತಿದ ಬೆರಳನ್ನು ಹಾಗೇ ಎಳೆದುಕೊಂಡು ಹೋಗಿದ್ದರಿಂದ ಬಂದದ್ದು.

ಹೀಗೆ ಮಾಡು. ಮೊದಲ ಬೆರಳಲ್ಲಿ ಧೈವತ ನುಡಿಸು. ಹೊರಡುವ ಮೊದಲು ಬೆರಳಿನ ಒತ್ತಡ ಬಿಡು. ಬೆರಳು ತಂತಿ ಬಿಟ್ಟು ಏಳಬಾರದು, ತಂತಿ ಮಾತ್ರ ಹಲಗೆಯಿಂದ ಮೇಲೆದ್ದಿರಬೇಕು. ಹಾಗೇ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಸಾಗಿ, ಷಡ್ಜದ ಮೇಲೆ ಬಂದ ಮೇಲೆ ಒತ್ತು. ಸಾಗುವ ಗಳಿಗೆಯಲ್ಲಿ ಕಮಾನಿನ ಭಾರವನ್ನೂ ಇಳಿಸು, ನಿಲ್ಲಿಸಬೇಡ. ಮೊದಮೊದಲು ಕಮಾನು ತಿರುಗುವ ಹೊತ್ತಿಗೇ ಕೈ ಸರಿಸಿದರೆ ಸುಲಭ. ಆಮೇಲೆ ಒಂದೇ ಕಮಾನಿನಲ್ಲಿ ಮಾಡು.

ಷಡ್ಜ ಸಿಕ್ಕಿತೋ ಇಲ್ಲವೋ ಅಂತ ತಂತಿಯೇ ಹೇಳುತ್ತದೆ. ಆ ಜಾಗ ಬಿರಟೆ ಕಡೆಯ ತುದಿಯಿಂದ ತಂತಿಯ ಸರಿಯಾಗಿ ಕಾಲು ಭಾಗಕ್ಕೆ ಬರುತ್ತದೆ. ಅಲ್ಲಿ ಬೆರಳನ್ನು ಒತ್ತದೆ ಬರೀ ಮುಟ್ಟಿಸಿ ಕಮಾನು ಎಳೆ. ಬಿಡಿ ತಂತಿಯ ಪಂಚಮ ಎರಡು ಸ್ಥಾಯಿ ಮೇಲೆ, ಕೊಳಲಿನ ಹಾಗೆ ಕೇಳುತ್ತದೆ. ಬೆರಳು ಒಂದೆಳೆ ಆಚೀಚೆ ಆದರೂ ಆ ಸ್ವರ ಮಂಕಾಗುತ್ತದೆ, ಇಲ್ಲವೇ ಬರೀ ಸುಯ್ ಅನ್ನುತ್ತದೆ. ದಿನಾ ಹತ್ತು ಸಲ ಹೀಗೆ ಹೋಗಿ, ಕೊಳಲು ಕೇಳಿಸಿದ ಮೇಲೆಯೇ ಬೆರಳು ಒತ್ತು. ಒತ್ತಿದ ಷಡ್ಜವನ್ನು ಪಕ್ಕದ ಬಿಡಿ ಷಡ್ಜದ ತಂತಿಯ ಜೊತೆ ಸೇರಿಸಿ ನುಡಿಸು. ಸದ್ದಿನ ಅಲುಗಾಟ ನಿಂತರೆ ಸೇರಿದೆ ಅಂತ ಅರ್ಥ. ಹೊರಡುವ ಮೊದಲು ಆ ಷಡ್ಜವನ್ನು ಬಾಯಲ್ಲಿ ಹಾಡಿಕೋ. ಕಣ್ಣು ಬೆರಳಿನ ಮೇಲಿದ್ದರೆ ಕಿವಿ ಹಿಂದೆ ಬೀಳುತ್ತದೆ.

ನನಗೆ ಅನುಮಾನ ಇರುವುದು ನಿನ್ನ ಹೆಬ್ಬೆರಳಿನ ಮೇಲೆ. ನನಗೂ ಹದಿನಾರರಲ್ಲಿ ಇದೇ ಕಾಟ. ಬೆರಳು ಹೊರಟರೂ ಹೆಬ್ಬೆರಳು ಕತ್ತನ್ನು ಹಿಡಿದೇ ಇರುತ್ತಿತ್ತು. ಕೊನೆಗೆ ಕೈ ಎಗರಿ ಷಡ್ಜ ದಾಟಿಬಿಡುತ್ತಿತ್ತು. ಪಿಟೀಲಿನ ತಲೆ ಕಾಲಿನ ಮೇಲಿರುತ್ತದೆ, ನೀನು ಹಿಡಿಯಬೇಕಾಗಿಲ್ಲ. ಹೆಬ್ಬೆರಳನ್ನು ಪೂರ್ತಿ ಎತ್ತಿಟ್ಟು ಧ-ಸ, ಧ-ಸ ನುಡಿಸಿ ನೋಡು. ಸದ್ದು ಹೋದರೆ ತಪ್ಪು ಅಲ್ಲೇ ಇತ್ತು. ಆಮೇಲೆ ಹೆಬ್ಬೆರಳನ್ನು ಹಗುರವಾಗಿ ತಾಗಿಸಿ, ಇಡೀ ಕೈ ಒಟ್ಟಿಗೆ ಹೋಗಲಿ. ವಾಪಸ್ ಧೈವತಕ್ಕೆ ಇಳಿಯುವಾಗ ಮಾತ್ರ ಹೆಬ್ಬೆರಳು ಒಂದು ಗಳಿಗೆ ಮುಂಚೆ ಹೊರಡಲಿ.

ಬೆರಳು ಅಂಟುತ್ತಿದ್ದರೆ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಚೆನ್ನಾಗಿ ಒರೆಸಿಕೋ. ಕಮಾನಿನ ಕೂದಲಿಗೆ ಎಣ್ಣೆ ತಾಗದ ಹಾಗೆ ಜೋಪಾನ.

ಒಂದು ವಾರ ಮೋಹನದ ಆ ಎರಡು ಸ್ವರ ಸಾಕು, ಬೇರೆ ಏನೂ ಬೇಡ. ಭಾನುವಾರ ಫೋನ್ ಮಾಡು, ಪಕ್ಕದಲ್ಲಿ ಪಿಟೀಲು ಇಟ್ಟುಕೊಂಡಿರು.

ಇಂತಿ,
ನಿನ್ನ ದೊಡ್ಡಪ್ಪ